ಮಗಳ ಮದುವೆಯ ಮೆಸೇಜಿನ ಕರಡು

ಮೊನ್ನೆ ನನ್ನ ಫೋನು ಹೊಟ್ಟೆ ತುಂಬಿ ಕೂತುಬಿಟ್ಟಿತು. ಜಾಗ ಇಲ್ಲ, ಏನಾದರೂ ಅಳಿಸು ಅಂತ ಅದರ ಹಟ. ಕೂತು ಅಳಿಸುತ್ತಾ ಹೋದೆ. ಶುಭೋದಯದ ಗುಲಾಬಿಗಳು ಹೋದವು, ಶುಭರಾತ್ರಿಯ ಚಂದ್ರರು ಹೋದರು, ಯಾರೋ ಕಳಿಸಿದ ಹಾಗಲಕಾಯಿ ಕಷಾಯದ ವಿಡಿಯೋಗಳು ಏಳೆಂಟು ಹೋದವು. ಆಮೇಲೆ ಒಂದು ಮೆಸೇಜು ಸಿಕ್ಕಿತು. ಮೂರು ವರ್ಷ ಹಳೆಯದು. ಬೆರಳು ಅಲ್ಲೇ ನಿಂತಿತು. ಅದು ನನ್ನ ಮಗಳ ಮದುವೆಗೆ ನನ್ನನ್ನೇ ಕರೆದು ಬಂದ ಮೆಸೇಜು.

ನಗಬೇಡಿ. ಇದ್ದದ್ದನ್ನೇ ಹೇಳುತ್ತಿದ್ದೇನೆ. ಆದರೆ ಅದನ್ನು ಹೇಳಬೇಕಾದರೆ ಮೊದಲು ನನ್ನ ಕೈಯ ರೋಗವನ್ನು ಹೇಳಬೇಕು.

ನಾನು ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದವನು. ಪತ್ರ ಬರೆಯುವುದೇ ಕೆಲಸ. ನಿವೃತ್ತನಾಗಿ ಕೊಳ್ಳೇಗಾಲದ ಮನೆಯಲ್ಲಿ ಕಾಲು ಚಾಚಿ ಕೂತರೂ ಕೈಗೆ ನಿವೃತ್ತಿ ಆಗಿಲ್ಲ. ಹಾಲಿನವನಿಗೆ ಚೀಟಿ ಬರೆದರೆ ಮೇಲೆ ತಾನಾಗಿಯೇ ‘ವಿಷಯ: ನಾಳೆ ಅರ್ಧ ಲೀಟರ್ ಹೆಚ್ಚಿಗೆ ಹಾಕುವ ಕುರಿತು’ ಅಂತ ಬರುತ್ತದೆ. ಒಮ್ಮೆ ನನ್ನ ಹೆಂಡತಿ ನಾಗಮಣಿ ತವರಿಗೆ ಹೋಗಿದ್ದಾಗ, ಒಗ್ಗರಣೆಗೆ ಸಾಸಿವೆ ಎಲ್ಲಿದೆ ಅಂತ ಕೇಳಲು ಮೆಸೇಜು ಹಾಕಿದೆ. ಅವಳು ಅದನ್ನು ಇಡೀ ತವರುಮನೆಗೆ ಓದಿ ತೋರಿಸಿದಳಂತೆ. ‘ಸಾಸಿವೆ ಡಬ್ಬಿಯು ಲಭ್ಯವಿರುವ ಸ್ಥಳದ ಬಗ್ಗೆ ಮಾಹಿತಿ ಒದಗಿಸುವುದು’ ಅಂತ ಬರೆದಿದ್ದೆ. ಅದರಲ್ಲಿ ನಗುವಂಥದ್ದು ಏನಿತ್ತೋ ನನಗೆ ಈವತ್ತಿಗೂ ಗೊತ್ತಾಗಿಲ್ಲ.

ಈ ರೋಗದಿಂದ ಒಂದು ಸಲ ನಿಜವಾಗಲೂ ಅನಾಹುತ ಆಗಿತ್ತು. ಮನೆ ಕಟ್ಟಿ ಗೃಹಪ್ರವೇಶ ಇಟ್ಟುಕೊಂಡಾಗ ನಾನು ಎಲ್ಲರಿಗೂ ಒಂದೇ ನಿಯಮ ಮಾಡಿದೆ. ಕಾರ್ಡಿಗೆ ವಿಳಾಸ ಬರೆಯುವುದು, ಅಂಚೆಗೆ ಹಾಕುವುದು. ಇವರಿಗೆ ಹೆಚ್ಚು ಅವರಿಗೆ ಕಡಿಮೆ ಅನ್ನುವ ದೂರೇ ಇರಬಾರದು. ಹಾಗೆ ಯಳಂದೂರಿನ ಗುರುಸಿದ್ದಪ್ಪನವರಿಗೂ ಒಂದು ಕಾರ್ಡು ಅಂಚೆಯಲ್ಲಿ ಹೋಯಿತು. ಅವರು ನಾಗಮಣಿಯ ಒಬ್ಬನೇ ಅಣ್ಣ, ನನಗೆ ಭಾವ. ಬಸ್ಸು ಹತ್ತಿದರೆ ಎಲೆಅಡಿಕೆ ಹಾಕಿ ಮುಗಿಸುವಷ್ಟರಲ್ಲಿ ಬರುವ ಊರು. ಅವರು ಬರಲಿಲ್ಲ. ತಂಗಿಗೆ ಅಂತ ಒಂದು ಸೀರೆ ಮಾತ್ರ ಯಾರದೋ ಕೈಲಿ ಬಂತು. ಅಂದಿನಿಂದ ಹನ್ನೊಂದು ವರ್ಷ ಅವರು ನಮ್ಮ ಹೊಸಿಲು ತುಳಿಯಲಿಲ್ಲ. ಬೇರೆಯವರ ಮದುವೆಗಳಲ್ಲಿ ಸಿಕ್ಕಾಗ ಜಗಳವನ್ನೂ ಆಡುತ್ತಿರಲಿಲ್ಲ. ‘ತಾವು ಚೆನ್ನಾಗಿದ್ದೀರಾ ಮಾದಪ್ಪನವರೇ’ ಅನ್ನುತ್ತಿದ್ದರು. ಹಿಂದೆಲ್ಲ ‘ಲೇ ಮಾದಪ್ಪ, ಬಾ ಇಲ್ಲಿ’ ಅನ್ನುತ್ತಿದ್ದ ಮನುಷ್ಯ. ಆ ‘ತಾವು’ ಕೇಳಿದಾಗಲೆಲ್ಲ ನನಗೆ ಮೇಲಧಿಕಾರಿಯ ಎದುರು ನಿಂತ ಹಾಗೆ ಆಗುತ್ತಿತ್ತು.

ಹೀಗಿರುವಾಗ ಮಗಳು ಸೌಮ್ಯಳಿಗೆ ಮದುವೆ ಗೊತ್ತಾಯಿತು. ಹನೂರಿನ ಹುಡುಗ. ನಮ್ಮಲ್ಲಿ ಹುಡುಗಿಯನ್ನು ಹಸೆಮಣೆಗೆ ಕೈಹಿಡಿದು ಕರೆತರಬೇಕಾದವನು ಸೋದರಮಾವ. ನಾಗಮಣಿ ಮದುವೆಯ ಸೀರೆ ಆರಿಸುವಾಗ, ಅಡುಗೆಯವನಿಗೆ ಪಟ್ಟಿ ಹೇಳುವಾಗ, ನಡುವೆ ನಡುವೆ ಬಾಗಿಲ ಕಡೆ ನೋಡುತ್ತಿದ್ದಳು. ಒಂದು ದಿನ ಹುರುಳಿಕಾಳು ಆರಿಸುತ್ತಾ ಹೇಳಿಯೇಬಿಟ್ಟಳು.

“ನಮ್ಮಣ್ಣ ಬರ್ನಿಲ್ಲ ಅಂದ್ರ ನನ್ನ ಮೊಗೀನ ಹಸೆಗೆ ಯಾರ್‍ರೀ ಕರ್ಕಂಬರದು? ನಿಮ್ಮ ಆಫೀಸಿಂದ ಯಾರ್‍ನಾರ ಕಳುಸ್ತಾರಾ?”

ಈ ಸಲ ನಾನು ತಪ್ಪು ಮಾಡಲಿಲ್ಲ ಅಂದುಕೊಂಡೆ. ಕಾರ್ಡು ಅಚ್ಚಾದ ಕೂಡಲೇ ಮೂಲೆಗಳಿಗೆ ಅರಿಶಿನ ಹಚ್ಚಿ, ದೇವರ ಮುಂದೆ ಒಂದಿಟ್ಟು, ಎರಡನೆಯದನ್ನು ಹಿಡಿದು ಗಂಡಹೆಂಡಿರಿಬ್ಬರೂ ಯಳಂದೂರಿಗೇ ಹೋದೆವು. ನಾಗಮಣಿ ಅತ್ತಿಗೆಗೆ ಕುಂಕುಮ ಇಟ್ಟಳು. ನಾನು ಭಾವನ ಕೈಗೆ ಎರಡೂ ಕೈಯಲ್ಲಿ ಕಾರ್ಡು ಕೊಟ್ಟೆ. ಅವರ ಕಣ್ಣಿಗೆ ಪೊರೆ, ಸಣ್ಣಕ್ಷರ ಕಾಣುವುದಿಲ್ಲ. ಆರನೇ ಕ್ಲಾಸಿನ ಮೊಮ್ಮಗಳು ಸಿಂಚನ ಎದುರು ನಿಂತು ಪಾಠ ಒಪ್ಪಿಸುವ ಹಾಗೆ ಪೂರ್ತಿ ಓದಿದಳು. ಕೊನೆಯ ಸಾಲಿನವರೆಗೂ ಭಾವ ಕಿವಿಗೊಟ್ಟು ಕೇಳಿದರು. ಓದಿ ಮುಗಿದ ಮೇಲೂ ಇನ್ನೇನೋ ಇದೆ ಅನ್ನುವ ಹಾಗೆ ಒಂದು ಗಳಿಗೆ ಕಾದರು.

“ಅಷ್ಟೇಯಾ ಮೊಗಾ?”

“ಅಷ್ಟೇ ತಾತ.”

“ಅಚ್ಚು ಚೆನ್ನಾಗದ,” ಅಂದು ಕಾರ್ಡನ್ನು ಟೀವಿಯ ಪಕ್ಕ ಇಟ್ಟರು. “ನೋಡಾಣ ಮಾದಪ್ಪನವರೇ. ಆವತ್ತು ಯಾನ ಕೆಲ್ಸ ಬತ್ತದೋ ಯಾರ್‍ಗೊತ್ತು.” ಕಾಫಿ ಕೊಟ್ಟರು, ಬಾಳೆಗೊನೆ ಕೊಟ್ಟರು, ಬರುತ್ತೇನೆ ಅಂತ ಮಾತ್ರ ಹೇಳಲಿಲ್ಲ. ಬಸ್ಸಿನಲ್ಲಿ ಕೊಳ್ಳೇಗಾಲ ಬರುವ ತನಕ ನಾಗಮಣಿ ಬಾಳೆಗೊನೆಯನ್ನು ತಬ್ಬಿಕೊಂಡು ಕಿಟಕಿ ಆಚೆ ನೋಡುತ್ತಾ ಕೂತಿದ್ದಳು.

ಕಾರ್ಡು ಕೊಟ್ಟು ಕರೆದರೆ ಈಗ ಕೆಲಸ ಮುಗಿಯುವುದಿಲ್ಲ ನೋಡಿ. ಕಾರ್ಡನ್ನು ಎಲ್ಲೋ ಇಟ್ಟು ಮರೆಯುತ್ತಾರೆ. ಮದುವೆ ನಾಲ್ಕು ದಿನ ಇದೆ ಅನ್ನುವಾಗ ಎಲ್ಲರಿಗೂ ಮೆಸೇಜು ಹೋಗಬೇಕು. ಅದನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮೂವತ್ತೊಂದು ವರ್ಷದ ಅನುಭವಿ ಅಂತ ನಾನೇ ಮುಂದೆ ಬಿದ್ದೆ. ಒಂದೇ ಗಂಟೆಯಲ್ಲಿ ಕರಡು ಸಿದ್ಧವಾಯಿತು.

‘ವಿಷಯ: ವಿವಾಹ ಮಹೋತ್ಸವಕ್ಕೆ ಆಗಮಿಸುವ ಕುರಿತು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನನ್ನ ಮಗಳಾದ ಚಿ. ಸೌ. ಸೌಮ್ಯ ಇವರ ವಿವಾಹವನ್ನು ಇದೇ ಭಾನುವಾರ ನಿಗದಿಪಡಿಸಲಾಗಿದ್ದು, ತಾವು ಕುಟುಂಬ ಸಮೇತ ನಿಗದಿತ ಸಮಯಕ್ಕೆ ತಪ್ಪದೇ ಹಾಜರಿರಲು ಈ ಮೂಲಕ ಕೋರಲಾಗಿದೆ.’

ಸೌಮ್ಯ ಓದಿ ಫೋನು ಕೆಳಗಿಟ್ಟಳು. ಅವಳು ಆಸ್ಪತ್ರೆಯಲ್ಲಿ ನರ್ಸು. ಸೂಜಿ ಚುಚ್ಚುವಾಗಲೂ ನಗುನಗುತ್ತಲೇ ಚುಚ್ಚುವವಳು.

“ಬರದೇ ಇದ್ದೋರಿಗೆ ಏನ್ ಮಾಡ್ತೀಯಪ್ಪ? ಕಾರಣ ಕೇಳಿ ನೋಟಿಸ್ ಕೊಡ್ತೀಯಾ?”

ಸರಿ, ಬಿಗಿ ಜಾಸ್ತಿಯಾಯಿತು, ಸ್ವಲ್ಪ ಪ್ರೀತಿ ಸೇರಿಸೋಣ ಅಂತ ಎರಡನೆಯ ಕರಡು ಮಾಡಿದೆ. ‘ನಮ್ಮ ಮನೆಯಂಗಳದ ಪುಟ್ಟ ಮೊಗ್ಗು ಅರಳಿ ಪರಿಮಳ ಬೀರುವ ಈ ಸುಸಂದರ್ಭದಲ್ಲಿ...’ ಅಂತ ಶುರುವಾಯಿತು. ನಾಗಮಣಿ ಅಡುಗೆಮನೆಯಿಂದಲೇ ಕೇಳಿಸಿಕೊಂಡು, “ಮೊಗ್ಗು ಯಾರು? ಇಪ್ಪತ್ತೇಳು ತುಂಬ್ತು ಅವ್ಳ್ಗ,” ಅಂದಳು. ಅಲ್ಲಿಗೆ ಮೊಗ್ಗು ಬಾಡಿತು.

ಆಗ ಸೌಮ್ಯಳೇ ಒಂದು ಉಪಾಯ ಹೇಳಿದಳು. ಎಲ್ಲರಿಗೂ ಒಂದೇ ಮಾತು ಹೊಂದುವುದಿಲ್ಲ, ವಯಸ್ಸಿಗೆ ತಕ್ಕ ಹಾಗೆ ಮೂರು ಮೆಸೇಜು ಮಾಡು ಅಂದಳು. ನನಗೂ ಹಿಡಿಸಿತು. ಮೂರು ವರ್ಗ, ಮೂರು ಮಾದರಿ. ಹಿರಿಯರಿಗೆ: ‘ಪೂಜ್ಯರಾದ ತಾವು ದಯಮಾಡಿಸಿ ವಧೂವರರನ್ನು ಆಶೀರ್ವದಿಸಬೇಕು.’ ನಮ್ಮ ಓರಗೆಯವರಿಗೆ: ‘ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಮುಹೂರ್ತ, ಕುಟುಂಬ ಸಮೇತ ಬಂದು ಮುಂದೆ ನಿಂತು ನಡೆಸಿಕೊಡಬೇಕು.’ ಹುಡುಗರಿಗೆ ಸೌಮ್ಯಳೇ ಬರೆದಳು: ‘ಎಲ್ಲರೂ ಶನಿವಾರ ಸಂಜೆಯೇ ಬಂದುಬಿಡಿ, ಡ್ಯಾನ್ಸು ಇದೆ, ಐಸ್ ಕ್ರೀಂ ಇದೆ, ಬರದಿದ್ದರೆ ಮಾತು ಬಿಡ್ತೀನಿ.’ ಅದರ ಹಿಂದೆ ಮುಂದೆ ಡೋಲು, ಹೂವು, ಕುಣಿಯುವ ಹೆಣ್ಣು, ಹೀಗೆ ಬೊಂಬೆಗಳ ಸಾಲು. ಮೊದಲು ಒಂದು ಮನೆಗೆ ಕಳಿಸಿ ನೋಡೋಣ ಅಂತ ಹನೂರಿನ ಸಾಕಮ್ಮತ್ತೆಯ ಮನೆಗೆ ಮೂರನ್ನೂ ಕಳಿಸಿದೆವು. ಅವರು ನಮ್ಮಪ್ಪನ ತಂಗಿ, ಎಂಬತ್ತು ದಾಟಿದವರು. ಮನೆ ತುಂಬ ಜನ, ಎಲ್ಲ ವಯಸ್ಸಿನವರೂ ಇದ್ದಾರೆ.

ನಾವು ಮರೆತದ್ದು ಏನಂದರೆ, ಆ ಮನೆಯಲ್ಲಿ ಹನ್ನೊಂದು ಜನಕ್ಕೆ ಇರುವುದು ಒಂದೇ ದೊಡ್ಡ ಫೋನು. ಅದು ಜಗಲಿಯ ಕಿಟಕಿಯಲ್ಲಿ ಇರುತ್ತದೆ. ಮೂರು ಮೆಸೇಜೂ ಒಂದರ ಹಿಂದೆ ಒಂದು ಅಲ್ಲಿಗೇ ಹೋಗಿ ಕೂತಿವೆ. ಮರಿಮಗ ಒಬ್ಬ ಜಗಲಿಯಲ್ಲಿ ನಿಂತು ಮೂರನ್ನೂ ಗಟ್ಟಿಯಾಗಿ ಓದಿದ್ದಾನೆ, ಬೊಂಬೆ ಸಮೇತ. ‘ಅಜ್ಜಿ, ಇಲ್ಲಿ ಒಂದು ಡೋಲು ಅದ, ಆಮೇಲ ಮೂರು ಎಂಗಸ್ರು ಕುಣೀತಾವ್ರ.’ ಮಧ್ಯಾಹ್ನವೇ ಸಾಕಮ್ಮತ್ತೆಯ ಫೋನು ಬಂತು.

“ಮಾದಪ್ಪಾ, ಯಾನ್ಲಾ ನಿನ್ನ ನ್ಯಾಯ? ಮೂರು ಓಲೆ ಬಂದಾವ, ಮೂರೂ ಕೇಳುಸ್ಕಂಡಿ. ನಾನು ಬಂದು ಆಶೀರ್ವಾದ ಮಾಡ್ಬೇಕು, ಅಷ್ಟೇಯ. ನನ್ನ ಮಗ ಸೊಸೆ ನಿಂತ್ಕಂಡು ಕೆಲ್ಸ ಮಾಡ್ಬೇಕು. ಐಕ್ಳು ಮಾತ್ರ ತಿನ್ಬೇಕು. ನಂಗ ಊಟ ಇಲ್ವಾ?”

“ಅಯ್ಯೋ ಅತ್ತೆ, ಊಟ ಇಲ್ದೇ ಇರುತ್ತಾ? ನಿಮಗೇ ಮೊದಲ ಪಂಕ್ತಿ.”

“ನೀನು ಅಂದ್ರಾಯ್ತಾ? ಓಲೇಲಿ ಇಲ್ವಲ್ಲ. ನಂಗೂ ಒಂದು ಐಸ್ ಕ್ರೀಂ ಬರಿ. ಬಾಯ್ನಾಗ ಒಂದಲ್ಲೂ ಇಲ್ದಿದ್ರೂ ಪರ್‍ವಾಗಿಲ್ಲ, ಮೆತ್ಗ ಇರ್‍ತದ. ಆಮ್ಯಾಕ ಆ ಕುಣಿಯ ಎಂಗಸ್ರು ಯಾರು? ನಮ್ಮ ಪೈಕೀರಾ, ಬೀಗ್ರ ಪೈಕೀರಾ?”

ಫೋನಿಟ್ಟ ಮೇಲೆ ನಾನು ನಕ್ಕೆ. ಆದರೆ ಸಾಕಮ್ಮತ್ತೆ ಹೇಳಿದ್ದರಲ್ಲಿ ಹುಳುಕು ಇರಲಿಲ್ಲ. ನಮ್ಮ ಕಡೆ ಮೆಸೇಜನ್ನು ಯಾರೂ ಒಬ್ಬರೇ ಓದಿಕೊಳ್ಳುವುದಿಲ್ಲ. ಹುಡುಗರು ಓದುತ್ತಾರೆ, ಮುದುಕರು ಕೇಳುತ್ತಾರೆ, ಸೊಸೆ ಒಲೆಯ ಮುಂದಿನಿಂದ ‘ಇನ್ನೊಂದ್ಸಲ ಓದು’ ಅನ್ನುತ್ತಾಳೆ. ಮಗುವಿನ ಬಾಯಲ್ಲಿ ‘ಬಂದುಬಿಡಿ, ಮಾತು ಬಿಡ್ತೀನಿ’ ಅಂದರೆ ಅಜ್ಜಿಗೆ ಅಧಿಕಪ್ರಸಂಗ. ಅದೇ ಬಾಯಲ್ಲಿ ‘ಪೂಜ್ಯರಾದ ತಾವು ದಯಮಾಡಿಸಿ’ ಅಂದರೆ ಮಗುವಿಗೆ ನಾಲಿಗೆ ಹೊರಳದು, ಅಜ್ಜಿಗೆ ತಲೆಗೆ ಹತ್ತದು.

ಆಗ ನನಗೆ ನಮ್ಮಪ್ಪ ನೆನಪಾದ. ನಾನು ಹುಡುಗನಾಗಿದ್ದಾಗ ನಮ್ಮೂರು ಧನಗೆರೆಯಲ್ಲಿ ಚಿಕ್ಕಪ್ಪನ ಮದುವೆಗೆ ಕರೆಯಲು ಅಪ್ಪ ಮನೆಮನೆಗೂ ಹೋದಾಗ, ಕಲ್ಲುಸಕ್ಕರೆಯ ಬಟ್ಟಲು ಹಿಡಿದು ಹಿಂದೆ ಹೋದವನು ನಾನೇ. ಮೊದಲ ಬೀದಿ ಮುಗಿಯುವಾಗ ಬಟ್ಟಲು ಅರ್ಧ, ನನ್ನ ಕೆನ್ನೆ ಪೂರ್ತಿ. ಅಪ್ಪ ಜಗಲಿಯ ಕೆಳಗೆ ನಿಂತು, ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡು, ಒಂದೇ ಉಸಿರಿನಲ್ಲಿ ಹೇಳುತ್ತಿದ್ದ. ‘ದೊಡ್ಡೋರು ಬಂದು ಅಕ್ಕಿ ಕಾಳು ಆಕಿ, ನೀವೆಲ್ಲಾ ನಿಂತು ನಡುಸ್ಕೊಡಿ, ಮಕ್ಕುಳ್ನೂ ಕರ್ಕಂಡು ಬನ್ನಿ, ಆವತ್ತು ಮನೇಲಿ ಒಲೆ ಅಚ್ಚಬ್ಯಾಡಿ.’ ಆ ಕೊನೆಯ ಮಾತು ಬಂದರೆ ತೊಟ್ಟಿಲ ಕೂಸಿನಿಂದ ಹಾಸಿಗೆ ಹಿಡಿದ ಮುದುಕಿಯವರೆಗೆ ಎಲ್ಲರಿಗೂ ಕರೆ ಬಂತು ಅಂತ ಲೆಕ್ಕ. ಅಪ್ಪನಿಗೆ ಸಹಿ ಮಾಡುವಷ್ಟು ಮಾತ್ರ ಅಕ್ಷರ ಬರುತ್ತಿತ್ತು. ಅವನು ಕಾಗದವಿಲ್ಲದೆ ಮಾಡಿದ್ದು ಅವನ ಗುಮಾಸ್ತ ಮಗನಿಗೆ ಮೂರು ಕರಡಿನಲ್ಲೂ ಆಗಿರಲಿಲ್ಲ.

ಮಾರನೆಯ ಬೆಳಿಗ್ಗೆ ಮತ್ತೆ ಕೂತೆ. ಈ ಸಲ ಎದುರಿಗೆ ಸೌಮ್ಯಳನ್ನು ಕೂರಿಸಿಕೊಂಡು ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿಸಿದೆ. ಒಂದೇ ಉಸಿರಿನಲ್ಲಿ ಓದಲಾಗದ ಸಾಲನ್ನು ಮುರಿದೆ. ‘ವಿವಾಹ ಮಹೋತ್ಸವ’ ಹೋಗಿ ‘ಮದುವೆ’ ಬಂತು. ‘ತಾವು’ ಹೋಗಿ ‘ನೀವೆಲ್ಲರೂ’ ಬಂತು, ಅದರಲ್ಲಿ ಅಜ್ಜಿಗೂ ಮರ್ಯಾದೆ, ಮೊಮ್ಮಗನಿಗೂ ಜಾಗ. ‘ಬಂದುಬಿಡಿ’ ಹೋಗಿ ‘ಬರಬೇಕು’ ಬಂತು. ವಾರದ ಹೆಸರು ಮೊದಲು, ತಾರೀಕು ಆಮೇಲೆ, ಯಾಕೆಂದರೆ ಹಿರಿಯರು ವಾರ ಹಿಡಿದು ನೆನಪಿಡುತ್ತಾರೆ. ಮುಹೂರ್ತದ ಗಂಟೆಯ ಜೊತೆ ತಿಂಡಿಯ ಗಂಟೆಯೂ ಬೇಕು ಅಂತ ನಾಗಮಣಿ ಹೇಳಿದಳು, ಬೆಳಗಿನ ಬಸ್ಸಿಗೆ ಬರುವವರು ಹಸಿದು ಕೂರಬಾರದು. ಬೊಂಬೆಗಳನ್ನೆಲ್ಲ ತೆಗೆದು ಒಂದು ಹೂವನ್ನು ಮಾತ್ರ ಉಳಿಸಿದೆವು. ಕೊನೆಗೆ ಹೀಗೆ ನಿಂತಿತು:

‘ನಮ್ಮ ಮಗಳು ಸೌಮ್ಯಳ ಮದುವೆ. ಶನಿವಾರ ಸಂಜೆ ಏಳಕ್ಕೆ ಆರತಕ್ಷತೆ. ಭಾನುವಾರ ಬೆಳಿಗ್ಗೆ ಏಳಕ್ಕೆ ತಿಂಡಿ, ಒಂಬತ್ತೂವರೆಗೆ ಮುಹೂರ್ತ. ಹಿರಿಯರು ಬಂದು ಹರಸಬೇಕು. ನೀವೆಲ್ಲರೂ ಜೊತೆ ನಿಂತು ನಡೆಸಿಕೊಡಬೇಕು. ಮಕ್ಕಳು ಬಂದು ನಲಿಯಬೇಕು. ಊಟವೂ ಐಸ್ ಕ್ರೀಮೂ ಎಲ್ಲರಿಗೂ ಇದೆ. ನಿಮ್ಮ ಸುಖಾಗಮನ ಬಯಸುವ, ಬಂಧು ಮಿತ್ರರು.’

ಕೆಳಗೆ ಕಲ್ಯಾಣ ಮಂಟಪದ ಹೆಸರು, ಬಸ್ ಸ್ಟ್ಯಾಂಡಿನಿಂದ ದಾರಿ. ಸಾಕಮ್ಮತ್ತೆಯ ಮನೆಗೆ ಕಳಿಸಿದೆ. ‘ಈಗ ಸರಿಯಾಯ್ತು’ ಅಂತ ಉತ್ತರ ಬಂತು. ಎದೆಯುಬ್ಬಿಸಿಕೊಂಡು ಎರಡನೆಯದಾಗಿ ಯಳಂದೂರಿಗೆ, ಸಿಂಚನಳ ಅಮ್ಮನ ಫೋನಿಗೆ ಕಳಿಸಿದೆ.

ಅರ್ಧ ಗಂಟೆಯಲ್ಲಿ ಅಲ್ಲಿಂದ ಭಾವನ ದನಿಯ ಮೆಸೇಜು ಬಂತು. ನಾಗಮಣಿ ಓಡಿ ಬಂದಳು. ಒತ್ತಿದೆ. ಮೊದಲು ಹಿಂದೆಲ್ಲೋ ಕೋಳಿ ಕೂಗು, ಆಮೇಲೆ ಭಾವ ಗಂಟಲು ಸರಿಮಾಡಿಕೊಂಡರು.

“ಮಾದಪ್ಪನವರೇ, ತಮ್ಮ ಓಲೆ ಮೊಗ ಓದ್ತು. ಚೆನ್ನಾಗದ. ಎಲ್ಲಾರ್‍ನೂ ಕರ್‍ದಿದ್ದೀರಿ. ಒಂದು ಮಾತು ಕೇಳ್ಬೇಕಿತ್ತು. ಕಾರ್ಡ್ನಾಗೂ ಅಂಗೇ ಇತ್ತು, ಇದ್ರಾಗೂ ಅಂಗೇ ಅದ. ಕಡೇಲಿ ಬಂಧು ಮಿತ್ರರು ಅಂತ ಬರ್‍ದಿದ್ದೀರಲ್ಲ, ಅವ್ರು ಯಾರು? ನಮ್ಮ ಸೌಮ್ಯನ ಅಸೆಮಣೆಗೆ ಅವ್ರೇಯ ಕರ್ಕಂಬತ್ತಾರಾ?”

ಅಷ್ಟೇ. ಮತ್ತೆ ಕೋಳಿ ಕೂಗಿತು, ಮುಗಿಯಿತು.

ನಾಗಮಣಿ ಅಲ್ಲೇ ಕುರ್ಚಿಯಲ್ಲಿ ಕೂತಳು. ನನಗೆ ನಾಚಿಕೆಯಾಯಿತು, ನಿಜವಾಗಲೂ ಆಯಿತು. ಕಾರ್ಡಿನಲ್ಲಿ ಕರೆಯುವವರ ಹೆಸರು ಹಾಕುವ ಕಡೆ ಪ್ರೆಸ್ಸಿನವನು ಕೇಳಿದ್ದ. ಒಬ್ಬರ ಹೆಸರು ಮೇಲೆ ಒಬ್ಬರದು ಕೆಳಗೆ ಆದರೆ ತಕರಾರು, ಯಾರದೂ ಬೇಡ, ಬಂಧು ಮಿತ್ರರು ಅಂತ ಹಾಕಿಬಿಡಿ ಅಂದಿದ್ದೆ. ಕಚೇರಿಯ ಬುದ್ಧಿ. ಯಾರ ಹೆಸರೂ ಇಲ್ಲದಿದ್ದರೆ ಯಾರ ಮೇಲೂ ಜವಾಬ್ದಾರಿ ಇಲ್ಲ. ಹನ್ನೊಂದು ವರ್ಷದ ಹಿಂದೆಯೂ ನಾನು ಅವರನ್ನು ಕರೆದೆ, ಈಗಲೂ ಕರೆದೆ. ಮೂರು ವಯಸ್ಸಿಗೆ ಮಾತು ಹೊಂದಿಸಲು ದಿನಗಟ್ಟಲೆ ತಲೆ ಕೆರೆದುಕೊಂಡವನಿಗೆ, ಸೋದರಮಾವನನ್ನು ಕರೆಯುವುದಲ್ಲ, ಕರೆಯುವವರ ಸಾಲಿನಲ್ಲಿ ನಿಲ್ಲಿಸಬೇಕು ಅನ್ನುವುದು ಹೊಳೆದಿರಲಿಲ್ಲ. ಅವರು ಕಾರ್ಡಿನ ಕೊನೆಯಲ್ಲಿ ಕಿವಿಗೊಟ್ಟು ಕಾದದ್ದು ತಮ್ಮ ಹೆಸರಿಗಾಗಿ.

“ಫೋನ್ ಮಾಡಿ ತಪ್ಪಾಯ್ತು ಅನ್ನಿ,” ಅಂದಳು ನಾಗಮಣಿ.

ಬಾಯಲ್ಲಿ ಹೇಳಲು ಹೋದರೆ ನನಗೆ ಮಾತು ಕೂಡುವುದಿಲ್ಲ. ನನಗೆ ಬರುವುದು ಪತ್ರ ಒಂದೇ. ಕೂತು ಕೊನೆಯ ಸಾಲನ್ನು ಹೊಡೆದುಹಾಕಿದೆ. ಅಲ್ಲಿ ‘ಕರೆಯುವವರು: ಹುಡುಗಿಯ ಸೋದರಮಾವ ಗುರುಸಿದ್ದಪ್ಪ, ಯಳಂದೂರು’ ಅಂತ ಬರೆದೆ. ಅದರ ಕೆಳಗೆ ನಮ್ಮಿಬ್ಬರ ಹೆಸರು. ಅದಕ್ಕೂ ಮೇಲೆ, ಕೈ ತಾನಾಗಿಯೇ ಬರೆಯಿತು, ನಾನು ತಡೆಯಲಿಲ್ಲ: ‘ವಿಷಯ: ಕರಡು ಅನುಮೋದನೆ ಕುರಿತು. ಭಾವನವರ ಸನ್ನಿಧಿಗೆ. ಹಿಂದಿನ ಎರಡೂ ಪತ್ರಗಳಲ್ಲಿ ಆದ ಲೋಪಕ್ಕೆ ಕ್ಷಮೆ ಕೋರುತ್ತೇನೆ. ತಿದ್ದಿದ ಕರಡನ್ನು ತಮ್ಮ ಒಪ್ಪಿಗೆಗೆ ಸಲ್ಲಿಸಿದೆ. ತಾವು ಒಪ್ಪಿದ ಮೇಲೆಯೇ ಇದನ್ನು ಹೊರಡಿಸಲಾಗುವುದು.’ ಕಳಿಸಿದೆ.

ಆ ಮಧ್ಯಾಹ್ನ ಊಟ ಸೇರಲಿಲ್ಲ. ಸಂಜೆ ಕಾಫಿ ಆಯಿತು. ಯಳಂದೂರು ಸುಮ್ಮನಿತ್ತು. ನಾಗಮಣಿ ನನ್ನ ಫೋನನ್ನು ಐದು ನಿಮಿಷಕ್ಕೊಮ್ಮೆ ಎತ್ತಿ ನೋಡಿ ಇಡುತ್ತಿದ್ದಳು. ‘ಮೇಲೆ ವಿಷಯ ಗಿಷಯ ಅಂತ ಯಾಕಾಕುದ್ರಿ, ನಗಾಡ್ತಾವ್ನೆ ಅನ್ಕಂಡಿರ್‍ತದ ನಮ್ಮಣ್ಣ’ ಅಂತ ಗೊಣಗಿದಳು. ನನಗೂ ಅದೇ ಭಯ ಹತ್ತಿತು.

ದೀಪ ಹಚ್ಚುವ ಹೊತ್ತಿಗೆ ಫೋನು ಕುಯ್ಯ್ ಅಂತು. ಮೊದಲು ಬಂದದ್ದು ಮಧುವನಹಳ್ಳಿಯ ನೆಂಟರೊಬ್ಬರಿಂದ, ‘ನಿಮ್ಮ ಭಾವ ಕರೆದಿದ್ದಾರೆ, ಬರ್‍ತೀವಿ’ ಅಂತ. ಹಿಂದೆಯೇ ಹನೂರಿನಿಂದ ಸಾಕಮ್ಮತ್ತೆಯ ಮರಿಮಗ, ‘ಇದು ಐದನೇ ಓಲೆ, ಅಜ್ಜಿಗೆ ಇದೇ ಎಲ್ಲದಕ್ಕಿಂತ ಇಷ್ಟ’ ಅಂತ. ನಾನು ಇನ್ನೂ ಏನೂ ಹೊರಡಿಸಿರಲೇ ಇಲ್ಲ. ಮೂರನೆಯದಾಗಿ ಆ ಮೆಸೇಜು ನನಗೂ ಬಂತು.

ಭಾವ ಹೇಳಿ ಬರೆಸಿದ್ದು, ಸಿಂಚನ ಒತ್ತಿದ್ದು. ನನ್ನ ಕರಡೇ, ಆದರೆ ಮೇಲೆ ‘ನಮ್ಮ ಸೌಮ್ಯಳ ಮದುವೆ’ ಆಗಿತ್ತು. ಐಸ್ ಕ್ರೀಮಿನ ಸಾಲಿನ ಕೆಳಗೆ ‘ಆವತ್ತು ಯಾರ ಮನೆಯಲ್ಲೂ ಒಲೆ ಹಚ್ಚಬೇಡಿ’ ಅಂತ ಹೊಸದೊಂದು ಸಾಲು ಸೇರಿತ್ತು. ನಮ್ಮಪ್ಪನ ಮಾತು ಯಳಂದೂರಿನಲ್ಲೂ ಇತ್ತು ಅಂತ ನನಗೆ ಗೊತ್ತೇ ಇರಲಿಲ್ಲ. ಕರೆಯುವವರ ಹೆಸರು ಅವರದು, ಸೋದರಮಾವ ಅಂತ. ಕೆಳಗೆ ನಮ್ಮಿಬ್ಬರ ಹೆಸರು ಇರಲಿಲ್ಲ. ಯಾಕೆಂದರೆ ನಮ್ಮ ಹೆಸರು ಮೇಲಿತ್ತು. ‘ಕೊಳ್ಳೇಗಾಲದ ಮಾದಪ್ಪನವರಿಗೆ ಮತ್ತು ಮನೆಯವರಿಗೆ’ ಅಂತ ನನ್ನ ಪಾಲಿನ ಮೆಸೇಜು ಶುರುವಾಗಿತ್ತು. ‘ತಾವು ಕುಟುಂಬ ಸಮೇತ ತಪ್ಪದೇ ಹಾಜರಿರಬೇಕು.’

ನಾಗಮಣಿ ಎರಡು ಸಲ ಓದಿದಳು. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ನಗುತ್ತಾ ನಗುತ್ತಾ ಅತ್ತೂ ಬಿಟ್ಟಳು. ಸೌಮ್ಯ ಫೋನು ಕಿತ್ತುಕೊಂಡು ಓದಿ, “ಅಪ್ಪಾ, ಹೋಗ್ತೀಯಾ?” ಅಂತ ಕೇಳಿದಳು. ನಾನು ‘ತಮ್ಮ ಪತ್ರ ತಲುಪಿದೆ. ಹಾಜರಿರುತ್ತೇವೆ’ ಅಂತ ಉತ್ತರ ಹಾಕಿದೆ.

ಭಾನುವಾರ ಬೆಳಿಗ್ಗೆ ಹೂವಿನ ಹಾರ ತರಲು ನಾನೇ ಅಂಗಡಿಗೆ ಹೋಗಿ, ಎಂಟೂವರೆಗೆ ಮಂಟಪಕ್ಕೆ ವಾಪಸ್ಸು ಬಂದೆ. ಬಾಗಿಲಲ್ಲಿ ಬಿಳಿ ಪಂಚೆ, ರೇಷ್ಮೆ ಶಲ್ಯ, ಕೈಯಲ್ಲಿ ಪನ್ನೀರಿನ ದಾನಿ ಹಿಡಿದು ಭಾವ ನಿಂತಿದ್ದರು. ಯಾವಾಗ ಬಂದಿದ್ದರೋ. ನನ್ನ ಮೇಲೆ ಪನ್ನೀರು ಚಿಮುಕಿಸಿದರು, ಎರಡೂ ಕೈ ಮುಗಿದರು. ಹಿಂದೆ ಬೀಗರ ಪೈಕಿಯವರು ನಾಲ್ಕು ಜನ ನೋಡುತ್ತಿದ್ದರು.

“ಬನ್ನಿ, ಬನ್ನಿ. ದಾರೀಲಿ ತೊಂದ್ರೆ ಆಗ್ನಿಲ್ವಾ?” ಅಂದರು ಗಟ್ಟಿಯಾಗಿ. ಆಮೇಲೆ ಕಿವಿಯ ಹತ್ತಿರ ಬಗ್ಗಿ ಹೇಳಿದರು, “ಲೇ ಮಾದಪ್ಪ, ಒಳೀಕೆ ಓಗಿ ತಿಂಡಿ ತಿನ್ನು ಓಗು. ಮೊಗೀನ ಕರ್ಕಂಬರ ಒತ್ತಾಯ್ತು ನಂಗ.”